ಹೃದಯಕ್ಕೆ ರಕ್ತ ತಲುಪಿಸುವ ಕಾಲು

ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದು ಕೈಯನ್ನು ಪಕ್ಕಕ್ಕೆ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲೇ ಅಂಗೈಯ ಹಿಂಬದಿಯಲ್ಲಿ ಸಿರೆಗಳು ಉಬ್ಬಿ ನಿಲ್ಲುತ್ತವೆ. ಈಗ ಆ ಕೈಯನ್ನು ಚಾಚಿಕೊಂಡೇ ನಿಧಾನವಾಗಿ ಮೇಲೆತ್ತುತ್ತ ಹೋಗಿ. ಎದೆಯ ಮಟ್ಟದ ಹತ್ತಿರ ಬರುವವರೆಗೂ ಸಿರೆಗಳು ತುಂಬಿಕೊಂಡೇ ಇರುತ್ತವೆ. ಅದಕ್ಕಿಂತ ಒಂದಿಷ್ಟು ಮೇಲೆ ಹೋದೊಡನೆ ಚಪ್ಪಟೆಯಾಗಿ ಚರ್ಮದೊಳಗೆ ಮರೆಯಾಗುತ್ತವೆ. ಆ ಎತ್ತರದಿಂದ ರಕ್ತ ತಾನಾಗಿಯೇ ಇಳಿದು ಹೃದಯ ಸೇರುತ್ತಿದೆ ಎಂದರ್ಥ. ಅದಕ್ಕಿಂತ ಕೆಳಗೆ ಇರುವ ರಕ್ತ ಮಾತ್ರ ಮೇಲೇರಿ ಹೋಗಬೇಕು. ನಿಂತ ಮನುಷ್ಯನಲ್ಲಿ ಹೀಗೆ ಮೇಲೇರಬೇಕಾದ ರಕ್ತವೇ ಹೆಚ್ಚು, ಅದರಲ್ಲೂ ಪಾದದಿಂದ ಹೊರಡುವ ರಕ್ತಕ್ಕೆ ನಾಲ್ಕು ಅಡಿಯಷ್ಟು ಏರಿಕೆ.

ಹೃದಯವೇ ಇದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ ಎಂದು ನಾವು ಬಹಳ ಮಂದಿ ಅಂದುಕೊಂಡಿರುತ್ತೇವೆ. ಆದರೆ ಹೃದಯದ ಕೆಲಸ ಮುಖ್ಯವಾಗಿ ತಳ್ಳುವುದು. ಎಡಭಾಗದಿಂದ ರಭಸವಾಗಿ ಹೊರಬಿದ್ದ ರಕ್ತ ಕೂದಲೆಳೆಗಿಂತ ಸಣ್ಣ ಲೋಮನಾಳಗಳನ್ನು ದಾಟಿ ಸಿರೆಗಳನ್ನು ಸೇರುವಷ್ಟರಲ್ಲಿ ಅದರ ಒತ್ತಡ ನೂರರಿಂದ ಹತ್ತು–ಹದಿನೈದಕ್ಕೆ ಇಳಿದಿರುತ್ತದೆ. ಇದು ಬಿಪಿ ನೋಡುವಾಗ ಹೇಳುವ ಅದೇ ಪಾದರಸದ ಮಿಲಿಮೀಟರ್ ಲೆಕ್ಕ. ಹೃದಯದ ಬಲ ಮೇಲ್ಕೋಣೆಯಲ್ಲಿ ಒತ್ತಡ ಹೆಚ್ಚುಕಡಿಮೆ ಸೊನ್ನೆ. ಹತ್ತಕ್ಕೂ ಸೊನ್ನೆಗೂ ನಡುವಿನ ಈ ಸಣ್ಣ ಇಳಿಜಾರೇ ರಕ್ತವನ್ನು ಮರಳಿ ಕರೆತರುವ ಬಲ. ಮಲಗಿರುವಾಗ ಅದು ಧಾರಾಳವಾಗಿ ಸಾಕು. ನಿಂತಾಗ ಅದರ ಮೇಲೆ ರಕ್ತದ ತೂಕವೂ ಸೇರಿಕೊಳ್ಳುತ್ತದೆ.

ಎಷ್ಟು ರಕ್ತ ಮರಳಿತು ಎನ್ನುವುದಕ್ಕೆ ಇಷ್ಟು ಮಹತ್ವ ಬರುವುದು ಹೃದಯದ ಸ್ನಾಯುವಿನ ಒಂದು ಗುಣದಿಂದ. ಜರ್ಮನಿಯ ಒಟ್ಟೊ ಫ್ರಾಂಕ್ 1895ರಲ್ಲಿ ಕಪ್ಪೆಯ ಹೃದಯದಲ್ಲಿ ಇದನ್ನು ಕಂಡರು. ಮುಂದೆ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಹೃದಯದಲ್ಲಿ ಅದನ್ನೇ ವಿವರವಾಗಿ ತೋರಿಸಿಕೊಟ್ಟರು. ಹೃದಯದ ಕೋಣೆ ಬಡಿತದ ಮೊದಲು ಎಷ್ಟು ತುಂಬಿ ಹಿಗ್ಗುತ್ತದೋ ಆ ಬಡಿತದಲ್ಲಿ ಅಷ್ಟೇ ಜೋರಾಗಿ ಕುಗ್ಗುತ್ತದೆ. ಹೆಚ್ಚು ಬಂದರೆ ಹೆಚ್ಚು ಕಳಿಸುತ್ತದೆ, ಕಡಿಮೆ ಬಂದರೆ ಕಡಿಮೆ. ಎಷ್ಟೇ ಗಟ್ಟಿಮುಟ್ಟಾದ ಹೃದಯವಾದರೂ ತನ್ನ ಬಾಗಿಲಿಗೆ ಬಾರದ ರಕ್ತವನ್ನು ಮಿದುಳಿಗೆ ಕಳಿಸಲಾರದು.

ಇನ್ನು ರಕ್ತ ಎಲ್ಲಿರುತ್ತದೆ ಎಂಬ ವಿಷಯ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಯಾವುದೇ ಕ್ಷಣದಲ್ಲಿ ಅದರ ಮೂರರಲ್ಲಿ ಎರಡು ಪಾಲು ಸಿರೆಗಳಲ್ಲೇ ಇರುತ್ತದೆ. ಸಿರೆಗಳ ಗೋಡೆ ತೆಳು, ಒಳಗಿನ ಒತ್ತಡ ಸ್ವಲ್ಪ ಏರಿದರೂ ಅವು ಹಿಗ್ಗಿ ಜಾಗ ಕೊಡುತ್ತವೆ. ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನವರೆಗೆ ರಕ್ತ ಎದೆಯಿಂದ ಕೆಳಗಿಳಿದು ಕಾಲು, ಸೊಂಟ, ಹೊಟ್ಟೆಯ ಸಿರೆಗಳಲ್ಲಿ ನಿಲ್ಲುತ್ತದೆ. ಗಾಯವಿಲ್ಲ, ಒಂದು ಹನಿಯೂ ಹೊರಗೆ ಹೋಗಿಲ್ಲ. ಆದರೂ ಹೃದಯದ ಮಟ್ಟಿಗೆ ಅಷ್ಟು ರಕ್ತ ಇಲ್ಲದಂತೆಯೇ.

ಆಗಸ್ಟ್ 15ರ ಬೆಳಿಗ್ಗೆ ಮೈದಾನದಲ್ಲಿ ನಿಂತ ಹತ್ತೊಂಬತ್ತರ ಎನ್‌ಸಿಸಿ ಹುಡುಗನೊಬ್ಬನನ್ನು ಕಣ್ಮುಂದೆ ತಂದುಕೊಳ್ಳಿ. ರಾತ್ರಿ ಹಾಸಿಗೆಯಲ್ಲಿ ಮಲಗಿದ್ದಾಗ ಅವನ ಹೃದಯ ಪ್ರತಿ ಬಡಿತಕ್ಕೆ ಸುಮಾರು 95 ಮಿಲಿಲೀಟರ್ ರಕ್ತ ಕಳಿಸುತ್ತಿತ್ತು, ನಿಮಿಷಕ್ಕೆ 60 ಬಡಿತ. ಗುಣಿಸಿದರೆ 5.7 ಲೀಟರ್. ಎದ್ದು ನಿಂತಾಗ ಬಡಿತಕ್ಕೆ ಹೊರಡುವುದು 60 ಮಿಲಿಲೀಟರಿನ ಆಸುಪಾಸಿಗೆ ಇಳಿಯುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲೂ ಹೃದಯದ ಮೇಲಿನ ಮಹಾಪಧಮನಿಯಲ್ಲೂ ಒತ್ತಡ ಅಳೆಯುವ ನರತುದಿಗಳಿವೆ. ಕೊರತೆ ಎರಡೇ ಕ್ಷಣದಲ್ಲಿ ಅವಕ್ಕೆ ಗೊತ್ತಾಗುತ್ತದೆ. ಬಡಿತ 80ಕ್ಕೆ ಏರುತ್ತದೆ, ಕೈಕಾಲು ಮತ್ತು ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ. 60 ಗುಣಿಸು 80, ಅಂದರೆ 4.8 ಲೀಟರ್. ಒಟ್ಟು ಕಡಿಮೆಯೇ, ಆದರೂ ನಾಳಗಳು ಬಿಗಿದಿರುವುದರಿಂದ ಬಿಪಿ ಇಳಿಯುವುದಿಲ್ಲ, ಹುಡುಗನಿಗೆ ಏನೂ ಅನ್ನಿಸುವುದೂ ಇಲ್ಲ. ನಿಮ್ಮ ನಾಡಿಯನ್ನು ಮಲಗಿದಾಗೊಮ್ಮೆ, ನಿಂತು ಒಂದು ನಿಮಿಷವಾದ ಮೇಲೊಮ್ಮೆ ಎಣಿಸಿ ನೋಡಿ. ಹತ್ತು–ಇಪ್ಪತ್ತು ಬಡಿತಗಳ ವ್ಯತ್ಯಾಸ ಸಿಗುತ್ತದೆ. ಅದು ಈ ಹೊಂದಾಣಿಕೆಯದೇ ಗುರುತು.

ಹುಡುಗ ನಡೆಯಲು ಶುರುಮಾಡಿದರೆ ಕಥೆಯೇ ಬೇರೆ. ಮೀನಖಂಡದ ಒಳಪದರದಲ್ಲಿ ಸೋಲಿಯಸ್ ಎಂಬ ಅಗಲವಾದ ಸ್ನಾಯುವಿದೆ. ಅದರೊಳಗೆ ರಕ್ತ ತುಂಬಿಕೊಳ್ಳುವ ಅಗಲವಾದ ಸಿರೆಗಳು ಹರಡಿಕೊಂಡಿವೆ. ಅದರ ಮೇಲೆ ಇನ್ನೊಂದು ಸ್ನಾಯು, ಎರಡನ್ನೂ ಸುತ್ತಿಕೊಂಡು ಹಿಗ್ಗದ ಗಟ್ಟಿ ಪೊರೆ. ಹಿಮ್ಮಡಿ ಎತ್ತಿದಾಗ ಸ್ನಾಯು ದಪ್ಪಗಾಗುತ್ತದೆ. ಹೊರಗಿನ ಪೊರೆ ಜಾಗ ಕೊಡುವುದಿಲ್ಲವಾದ್ದರಿಂದ ಆ ಒತ್ತೆಲ್ಲ ಒಳಗಿನ ಸಿರೆಗಳ ಮೇಲೇ ಬೀಳುತ್ತದೆ. ಒಂದೇ ಒತ್ತಿಗೆ ಮೀನಖಂಡದ ಸಿರೆಗಳಲ್ಲಿದ್ದ ರಕ್ತದ ಅರ್ಧಕ್ಕಿಂತ ಹೆಚ್ಚು ಮೇಲಕ್ಕೆ ಚಿಮ್ಮುತ್ತದೆ.

ಚಿಮ್ಮಿದ ರಕ್ತ ಮೇಲಕ್ಕೇ ಏಕೆ ಹೋಗಬೇಕು? ಹಸುವಿನ ಹಾಲು ಕರೆಯುವುದನ್ನು ನೋಡಿದ್ದವರಿಗೆ ಇದು ಸುಲಭ. ಬರೀ ಮೊಲೆ ಹಿಚುಕಿದರೆ ಹಾಲು ಕೆಚ್ಚಲಿಗೇ ವಾಪಸಾಗುತ್ತದೆ. ಮೊದಲು ಹೆಬ್ಬೆರಳು ತೋರುಬೆರಳಿನಿಂದ ಮೊಲೆಯ ಬುಡವನ್ನು ಮುಚ್ಚಿ, ಆಮೇಲೆ ಉಳಿದ ಬೆರಳುಗಳನ್ನು ಒತ್ತಬೇಕು. ಒತ್ತಿದ ಮೇಲೆ ಬಿಡಲೂಬೇಕು, ಬಿಟ್ಟಾಗಲೇ ಮೊಲೆ ಮತ್ತೆ ತುಂಬುವುದು. ಕಾಲಿನಲ್ಲಿ ಹೆಬ್ಬೆರಳು ತೋರುಬೆರಳಿನ ಕೆಲಸ ಮಾಡುವುದು ಸಿರೆಯೊಳಗಿನ ಕವಾಟಗಳು. ಎರಡು ಪುಟ್ಟ ಜೇಬುಗಳಂತೆ ಎದುರುಬದುರಾಗಿರುವ ಇವು ಮೇಲೆ ಹೋಗುವ ರಕ್ತಕ್ಕೆ ದಾರಿ ಬಿಡುತ್ತವೆ. ಕೆಳಗೆ ಜಾರಲು ನೋಡಿದರೆ ತಾವೇ ತುಂಬಿಕೊಂಡು ದಾರಿ ಮುಚ್ಚುತ್ತವೆ.

ಇಟಲಿಯ ಪಡುವಾದಲ್ಲಿ ಫ್ಯಾಬ್ರಿಸಿಯಸ್ ಎಂಬ ಅಧ್ಯಾಪಕರು 1603ರಲ್ಲಿ ಈ ಕವಾಟಗಳ ಬಗ್ಗೆ ಚಿತ್ರಸಹಿತ ಪುಸ್ತಕ ಪ್ರಕಟಿಸಿದ್ದರು. ಆದರೆ ಸಿರೆಗಳ ರಕ್ತ ಯಕೃತ್ತಿನಿಂದ ಹೊರಕ್ಕೆ ಹರಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಬಿಡಲಾಗದೆ, ಕಾಲಿಗೆ ರಕ್ತ ಒಮ್ಮೆಲೇ ನುಗ್ಗದಂತೆ ಅವು ತಡೆಯುತ್ತವೆ ಎಂದು ಬರೆದರು. ಅವರ ಶಿಷ್ಯ ವಿಲಿಯಂ ಹಾರ್ವೆ 1628ರ ತಮ್ಮ ಪುಸ್ತಕದಲ್ಲಿ ಅದನ್ನು ತಲೆಕೆಳಗು ಮಾಡಿದರು. ಅವರು ಮಾಡಿದ್ದನ್ನು ಮನೆಯಲ್ಲೇ ಮಾಡಬಹುದು. ಸಿರೆ ಎದ್ದು ಕಾಣುವ ಕೈಯವರೊಬ್ಬರ ತೋಳಿಗೆ ಹದವಾಗಿ ಪಟ್ಟಿ ಕಟ್ಟಿ. ಮುಂಗೈಯ ಸಿರೆಗಳ ಮೇಲೆ ಅಲ್ಲಲ್ಲಿ ಗಂಟುಗಳು ಕಾಣುತ್ತವೆ, ಅವೇ ಕವಾಟಗಳು. ಒಂದು ಗಂಟಿನ ಕೆಳಗೆ ಬೆರಳಿಟ್ಟು ಅದುಮಿ, ಇನ್ನೊಂದು ಬೆರಳಿನಿಂದ ಅಲ್ಲಿಂದ ಭುಜದ ಕಡೆಗೆ ರಕ್ತವನ್ನು ಒರೆಸುತ್ತ ಗಂಟು ದಾಟಿಸಿ. ಆ ತುಂಡು ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಗಂಟಿನವರೆಗೆ ಬಂದು ನಿಂತುಬಿಡುತ್ತದೆ. ಅದುಮಿದ ಬೆರಳು ತೆಗೆದೊಡನೆ ಕೆಳಗಿನಿಂದ ಸರ್ರನೆ ತುಂಬಿಕೊಳ್ಳುತ್ತದೆ.

ಈ ಕವಾಟ–ಸ್ನಾಯುಗಳ ಜೋಡಿ ಎಷ್ಟು ಸಮರ್ಥ ಎನ್ನುವುದನ್ನು ಪಾದದ ಸಿರೆಗೆ ಸೂಜಿ ಚುಚ್ಚಿ ಅಳೆದಿದ್ದಾರೆ. ಅಲುಗಾಡದೆ ನಿಂತವರಲ್ಲಿ ಅಲ್ಲಿನ ಒತ್ತಡ 80ರಿಂದ 90 ಮಿಲಿಮೀಟರ್. ಹೃದಯದಿಂದ ಪಾದದವರೆಗೆ ನಿಂತ ರಕ್ತದ ಕಂಬದ ತೂಕ ಅಷ್ಟು. ನಡೆಯಲು ಶುರುಮಾಡಿ ಏಳೆಂಟು ಹೆಜ್ಜೆ ಹಾಕುವಷ್ಟರಲ್ಲಿ ಅದು 30ರ ಹತ್ತಿರಕ್ಕೆ, ಕೆಲವರಲ್ಲಿ ಇನ್ನೂ ಕೆಳಕ್ಕೆ ಇಳಿಯುತ್ತದೆ. ಪ್ರತಿ ಹೆಜ್ಜೆಗೂ ಸಿರೆ ಖಾಲಿಯಾಗುತ್ತಿರುತ್ತದೆ, ಮುಚ್ಚಿದ ಕವಾಟಗಳು ಉದ್ದದ ಕಂಬವನ್ನು ತುಂಡುತುಂಡು ಮಾಡಿರುತ್ತವೆ. ಉಸಿರಾಟವೂ ಕೈಜೋಡಿಸುತ್ತದೆ: ಉಸಿರು ಎಳೆದಾಗ ಎದೆಯೊಳಗಿನ ಒತ್ತಡ ಇಳಿದು ಹೊಟ್ಟೆಯೊಳಗಿನದು ಏರುವುದರಿಂದ ರಕ್ತ ಮೇಲಕ್ಕೆ ಸರಿಯುತ್ತದೆ. ಆದರೆ ನಡೆಯುವ ಮನುಷ್ಯನಲ್ಲಿ ದೊಡ್ಡ ಪಾಲು ಮೀನಖಂಡದ್ದೇ.

ಈಗ ಮೈದಾನಕ್ಕೆ ಮರಳೋಣ. ‘ಸಾವಧಾನ್’ ಎಂದಮೇಲೆ ಅಲುಗಾಡುವಂತಿಲ್ಲ. ಮಾಮೂಲಿಯಾಗಿ ನಿಂತಾಗ ನಾವು ಗೊತ್ತಿಲ್ಲದೆಯೇ ಹಿಂದೆಮುಂದೆ ಓಲಾಡುತ್ತಿರುತ್ತೇವೆ, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುತ್ತೇವೆ. ಆ ಸಣ್ಣ ಚಲನೆಗಳೂ ರಕ್ತವನ್ನು ಅಷ್ಟಿಷ್ಟು ಮೇಲೇರಿಸುತ್ತವೆ. ಕವಾಯತಿನ ಶಿಸ್ತಿನಲ್ಲಿ ಅದಕ್ಕೂ ತಡೆ. ಕಾಲನ್ನು ಬಿಗಿಯಾಗಿಟ್ಟು ನಿಂತಿದ್ದಾನಲ್ಲ, ಸ್ನಾಯು ಕೆಲಸ ಮಾಡುತ್ತಿಲ್ಲವೇ ಎಂದು ಕೇಳಬಹುದು. ಒತ್ತಿ ಹಿಡಿದೇ ಇದ್ದರೆ ಒಂದು ಸಲದ ರಕ್ತ ಮಾತ್ರ ಮೇಲೇರುತ್ತದೆ. ಮತ್ತೆ ತುಂಬಿ ಮತ್ತೆ ಏರಬೇಕಾದರೆ ಸಡಿಲಿಸಿ ಪುನಃ ಒತ್ತಬೇಕು.

ಭಾಷಣ ಹದಿನೈದು ನಿಮಿಷ ದಾಟುತ್ತದೆ. ಪಾದದ ಹತ್ತಿರದ ಲೋಮನಾಳಗಳಲ್ಲಿ ಒತ್ತಡ ಏರಿರುವುದರಿಂದ ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ನಾಳಗಳಿಂದ ಸುತ್ತಲ ಮಾಂಸಕ್ಕೆ ಜಿನುಗತೊಡಗುತ್ತದೆ. ಅಲುಗಾಡದೆ ಅರ್ಧ ಗಂಟೆ ನಿಂತರೆ ಒಟ್ಟು ಪ್ಲಾಸ್ಮಾದ ಹತ್ತರಲ್ಲೊಂದು ಪಾಲು ಹೀಗೆ ಸೋರಿಹೋಗಬಹುದು. ಪ್ಲಾಸ್ಮಾ ಒಟ್ಟು ಮೂರು ಲೀಟರ್ ಎಂದಿಟ್ಟುಕೊಂಡರೆ ಇದು 300 ಮಿಲಿಲೀಟರ್. ಬೆಳಿಗ್ಗೆ ಐದಕ್ಕೇ ಎದ್ದು ಬಂದ ಹುಡುಗ ತಿಂಡಿ ತಿಂದಿಲ್ಲ, ನೀರು ಕುಡಿದಿಲ್ಲ. ಬಿಸಿಲೇರಿದಂತೆ ಮೈ ತಂಪು ಮಾಡಿಕೊಳ್ಳಲು ಚರ್ಮದ ನಾಳಗಳೂ ಹಿಗ್ಗಿ ಮತ್ತಷ್ಟು ರಕ್ತ ಹಿಡಿದಿಟ್ಟುಕೊಳ್ಳುತ್ತವೆ. ಬಡಿತಕ್ಕೆ 60 ಇದ್ದದ್ದು 45 ಆಗುತ್ತದೆ, ನಾಡಿ 110ಕ್ಕೆ ಹೋಗಿ ಹೇಗೋ ನಿಭಾಯಿಸುತ್ತದೆ.

ಆಮೇಲೆ ಆಗುವುದು ವಿಚಿತ್ರ. ಇಷ್ಟು ಹೊತ್ತು ಓಡುತ್ತಿದ್ದ ನಾಡಿ ಒಮ್ಮೆಲೇ ನಿಧಾನವಾಗುತ್ತದೆ, ಬಿಗಿದಿದ್ದ ನಾಳಗಳು ಸಡಿಲಗೊಳ್ಳುತ್ತವೆ, ಬಿಪಿ ಕುಸಿಯುತ್ತದೆ. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ 1932ರಲ್ಲಿ ಇದಕ್ಕೆ ‘ವೇಸೊವೇಗಲ್’ ಎಂದು ಹೆಸರಿಟ್ಟರು. ಬೀಳುವ ಮೊದಲು ಒಂದೆರಡು ನಿಮಿಷ ಮುನ್ಸೂಚನೆ ಇರುತ್ತದೆ. ಆಕಳಿಕೆ, ಹೊಟ್ಟೆ ತೊಳಸುವುದು, ತಣ್ಣನೆ ಬೆವರು, ಮುಖ ಬಿಳಿಚಿಕೊಳ್ಳುವುದು, ದನಿಗಳು ದೂರದಿಂದ ಬಂದಂತೆ ಕೇಳುವುದು, ಕಣ್ಣಂಚಿನಿಂದ ಕತ್ತಲೆ ಕವಿಯುವುದು. ಪಕ್ಕದಲ್ಲಿ ನಿಂತವರಿಗೆ ಮೊದಲು ಕಾಣುವುದು ತುಟಿಯ ಬಣ್ಣ.

ಆ ಒಂದೆರಡು ನಿಮಿಷ ಬಹಳ ಅಮೂಲ್ಯ. ಶೂ ಒಳಗೆ ಕಾಲ್ಬೆರಳುಗಳನ್ನು ಮುದುಡಿ ಬಿಡುವುದು, ಹಿಮ್ಮಡಿಯನ್ನು ತುಸು ಎತ್ತಿ ಇಳಿಸುವುದು ಸೈನಿಕರಿಗೆ ಹಿರಿಯರು ಹೇಳಿಕೊಡುವ ಹಳೆಯ ಉಪಾಯ. ಪದೇಪದೇ ಹೀಗೆ ಬೀಳುವವರಿಗೆ ಹೃದ್ರೋಗ ವೈದ್ಯರು ಈಗ ಇದಕ್ಕಿಂತ ಗಟ್ಟಿಯಾದದ್ದನ್ನು ಕಲಿಸುತ್ತಾರೆ. ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಕಿ ನಿಂತು ತೊಡೆ, ಪೃಷ್ಠ, ಹೊಟ್ಟೆಯನ್ನು ಒಟ್ಟಿಗೆ ಬಿಗಿಹಿಡಿಯುವುದು. ಇದು ಎಷ್ಟು ಉಪಯುಕ್ತ ಎಂದು ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಲಿತವರು ಕಲಿಯದವರಿಗಿಂತ ಕಡಿಮೆ ಸಲ ಪ್ರಜ್ಞೆ ತಪ್ಪಿದ್ದರು.

ಬಿದ್ದೇಬಿಟ್ಟರೆ ಆ ಬೀಳುವಿಕೆಯೇ ಮದ್ದು. ದೇಹ ಅಡ್ಡವಾದೊಡನೆ ಕಾಲಿನ ರಕ್ತ ಎದೆಗೆ ಹರಿದು ಬರುತ್ತದೆ, ಹೃದಯ ತುಂಬುತ್ತದೆ, ಅರೆನಿಮಿಷದಲ್ಲಿ ಹುಡುಗ ಕಣ್ಣು ಬಿಡುತ್ತಾನೆ. ನಮ್ಮ ಮೈದಾನಗಳಲ್ಲಿ ನಡೆಯುವುದು ಮಾತ್ರ ಉಲ್ಟಾ. ಇಬ್ಬರು ಮೇಷ್ಟ್ರು ರಟ್ಟೆ ಹಿಡಿದು ಎತ್ತಿ ನಿಲ್ಲಿಸುತ್ತಾರೆ, ನೆರಳಿನವರೆಗೆ ನಡೆಸಲು ನೋಡುತ್ತಾರೆ, ಕುರ್ಚಿ ತರಿಸಿ ಕೂರಿಸುತ್ತಾರೆ. ಪ್ರಜ್ಞೆ ತಪ್ಪಿದವರನ್ನು ನೆಟ್ಟಗೆ ಹಿಡಿದಿಟ್ಟರೆ ಮಿದುಳಿಗೆ ರಕ್ತ ಸಿಗುವುದು ಮತ್ತಷ್ಟು ತಡವಾಗುತ್ತದೆ, ಕೈಕಾಲು ಸೆಳೆತವೂ ಬರಬಹುದು. ಅದನ್ನು ಕಂಡು ‘ಫಿಟ್ಸ್’ ಎಂದು ಹೆದರುವವರೂ ಇದ್ದಾರೆ. ಬಿದ್ದಲ್ಲೇ ಮಲಗಿಸಿ ಕಾಲನ್ನು ಮೇಲೆತ್ತಿ ಹಿಡಿದರೆ ಸಾಕು. ಈರುಳ್ಳಿ ಮೂಸಿಸಲೇಬೇಕು ಎನ್ನುವವರು ಆಮೇಲೆ ಮೂಸಿಸಲಿ. ಎರಡು ನಿಮಿಷದೊಳಗೆ ಎಚ್ಚರವಾಗದಿದ್ದರೆ, ಓಡುವಾಗ ಅಥವಾ ಆಡುವಾಗಲೇ ಬಿದ್ದರೆ, ಮುನ್ಸೂಚನೆ ಏನೂ ಇಲ್ಲದೆ ಬಿದ್ದರೆ ಮಾತ್ರ ಈ ವಿವರಣೆಯನ್ನು ನಂಬಿ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಹೃದಯದಲ್ಲೇ ದೋಷವಿರುವ ಸಾಧ್ಯತೆ ಇದೆ.

ವರ್ಷಗಟ್ಟಲೆ ದಿನವಿಡೀ ನಿಂತೇ ಕೆಲಸ ಮಾಡುವವರಲ್ಲಿ ಪೆಟ್ಟು ಬೀಳುವುದು ಕವಾಟಗಳಿಗೆ. ಹಿಗ್ಗಿದ ಸಿರೆಯಲ್ಲಿ ಕವಾಟದ ಎರಡು ಜೇಬುಗಳು ಒಂದಕ್ಕೊಂದು ಮುಟ್ಟುವುದಿಲ್ಲ, ರಕ್ತ ಕೆಳಗೆ ಸೋರುತ್ತದೆ, ಕೆಳಗಿನ ಕವಾಟವೂ ಹಿಗ್ಗುತ್ತದೆ. ಉಬ್ಬಿ ಸೊಟ್ಟಗಾದ ಸಿರೆ, ಸಂಜೆಯ ಬಾವು, ಹರಡಿನ ಒಳಬದಿ ಕಪ್ಪಾಗುವುದು, ಕೊನೆಗೆ ವಾಸಿಯಾಗದ ಹುಣ್ಣು. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು, ಟ್ರಾಫಿಕ್ ಪೊಲೀಸರು, ಹೋಟೆಲಿನ ಅಡುಗೆಯವರು ಇದನ್ನು ಬಲ್ಲರು. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ ಎಂಬ ಅಂಗಡಿಗಳ ಕಟ್ಟುಪಾಡಿನ ವಿರುದ್ಧ ಕೇರಳದ ಮಹಿಳೆಯರು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿಸಿದರು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಸ್ಟೂಲು ಕೊಡುವುದಕ್ಕೂ ಕಾನೂನು ಬೇಕಾಯಿತಲ್ಲ ಎಂದು ಬೇಸರವಾಗುತ್ತದೆ. ಅಂದಹಾಗೆ, ಸುಮ್ಮನೆ ಕೂರುವುದಕ್ಕಿಂತ ಆಗಾಗ ನಾಲ್ಕು ಹೆಜ್ಜೆ ನಡೆಯುವುದು ಸಿರೆಗೆ ಇನ್ನೂ ಒಳ್ಳೆಯದು. ಕುರ್ಚಿಯಲ್ಲಿ ಅಲುಗಾಡದ ಕಾಲಿನಲ್ಲೂ ರಕ್ತ ನಿಲ್ಲುತ್ತದೆ.

ನಿಲ್ಲುವುದು ಇಷ್ಟು ಕಷ್ಟವಾದರೆ ಮಲಗುವುದು ಹೃದಯಕ್ಕೆ ಹಬ್ಬವಾಗಬೇಕಿತ್ತು. ಮೊದಲ ಕೆಲವು ಗಂಟೆ ಹಾಗೆಯೇ ಇರುತ್ತದೆ. ಕಾಲಿನಲ್ಲಿದ್ದ ರಕ್ತ ಎದೆಗೆ ಬಂದು ಹೃದಯದ ಕೋಣೆಗಳು ಚೆನ್ನಾಗಿ ತುಂಬುತ್ತವೆ. ತೊಂದರೆ ಬರುವುದು ಅಲ್ಲಿಂದಲೇ. ಮೇಲ್ಕೋಣೆಯ ಗೋಡೆ ಹಿಗ್ಗಿದರೆ ದೇಹ ಅದನ್ನು ‘ನೀರು ಹೆಚ್ಚಾಗಿದೆ’ ಎಂದೇ ಓದಿಕೊಳ್ಳುತ್ತದೆ. ಹೃದಯವೇ ಉಪ್ಪು–ನೀರು ಹೊರಹಾಕಿಸುವ ಹಾರ್ಮೋನು ಸ್ರವಿಸುತ್ತದೆ, ನೀರು ಹಿಡಿದಿಡುವ ಹಾರ್ಮೋನುಗಳು ಇಳಿಯುತ್ತವೆ, ಮೂತ್ರ ಹೆಚ್ಚಾಗುತ್ತದೆ. ಎರಡು ಮೂರು ದಿನದಲ್ಲಿ ಪ್ಲಾಸ್ಮಾ ಸುಮಾರು ಹತ್ತನೇ ಒಂದರಷ್ಟು ಕಡಿಮೆಯಾಗಿ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತದೆ. ಮಲಗಿದವರಿಗೆ ಈ ಲೆಕ್ಕ ಸರಿಯೇ. ಎದ್ದು ನಿಂತ ದಿನ ಅರ್ಧ ಲೀಟರ್ ಎಂದಿನಂತೆ ಕೆಳಗಿಳಿಯುತ್ತದೆ, ಆದರೆ ಕೈಯಲ್ಲಿ ಉಳಿತಾಯವಿರುವುದಿಲ್ಲ.

ಇದನ್ನು ಅತಿ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ನಡೆದದ್ದು ಅಮೆರಿಕದ ಡಲ್ಲಾಸ್‌ನಲ್ಲಿ, 1966ರಲ್ಲಿ. ಬೆಂಗ್ಟ್ ಸಾಲ್ಟಿನ್, ಗುನ್ನಾರ್ ಬ್ಲೊಮ್‌ಕ್ವಿಸ್ಟ್, ಜೆರೆ ಮಿಚೆಲ್ ಮೊದಲಾದವರು ಇಪ್ಪತ್ತು ವರ್ಷದ ಆಸುಪಾಸಿನ ಐದು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದರು. ಅದಕ್ಕೆ ಮೊದಲೂ ನಂತರವೂ ಅವರನ್ನು ಸುಸ್ತಾಗಿ ನಿಲ್ಲುವವರೆಗೆ ಓಡಿಸಿ ಅಳತೆ ತೆಗೆದರು. ಹಾಸಿಗೆ ಹಿಡಿಯುವ ಮೊದಲು, ಪೂರ್ತಿ ದಮ್ಮು ಕಟ್ಟಿ ಓಡುವಾಗ ಅವರ ಹೃದಯ ಸರಾಸರಿ ನಿಮಿಷಕ್ಕೆ 193 ಸಲ ಬಡಿದು ಪ್ರತಿ ಬಡಿತಕ್ಕೆ 104 ಮಿಲಿಲೀಟರ್ ಕಳಿಸುತ್ತಿತ್ತು, ಒಟ್ಟು ನಿಮಿಷಕ್ಕೆ 20 ಲೀಟರ್. ಮೂರು ವಾರದ ನಂತರ ನಾಡಿ 197, ಅಂದರೆ ಹೃದಯದ ವೇಗಕ್ಕೆ ಏನೂ ಆಗಿಲ್ಲ. ಬಡಿತಕ್ಕೆ ಹೊರಟದ್ದು ಮಾತ್ರ 74 ಮಿಲಿಲೀಟರ್. ಒಟ್ಟು 15 ಲೀಟರಿಗಿಂತ ಸ್ವಲ್ಪ ಕಡಿಮೆ. ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕವೂ ಕಾಲುಭಾಗಕ್ಕಿಂತ ಹೆಚ್ಚು ಕುಸಿದಿತ್ತು.

ಕುಸಿತದ ಎಲ್ಲ ಭಾರವೂ ಆ ಒಂದೇ ಅಂಕಿಯ ಮೇಲೆ ಬಿದ್ದಿದೆ: ಬಡಿತಕ್ಕೆ 104 ಇದ್ದದ್ದು 74. ಹೃದಯ ಬಡಿಯಲು ಮರೆತಿರಲಿಲ್ಲ, ತುಂಬುವುದು ಕಡಿಮೆಯಾಗಿತ್ತು. ರಕ್ತ ಕಾಲಿಗಿಳಿದದ್ದಷ್ಟೇ ಕಾರಣವಾಗಿದ್ದರೆ ಮಲಗಿಕೊಂಡೇ ವ್ಯಾಯಾಮ ಮಾಡಿಸಿದಾಗ ಅಂಕಿ ಹಳೆಯದಕ್ಕೇ ಮರಳಬೇಕಿತ್ತು. ಮಲಗಿದಾಗಲೂ ಅದು ಕಡಿಮೆಯೇ ಇತ್ತು. ಎಕ್ಸ್‌ರೇಯಲ್ಲಿ ಹೃದಯದ ಗಾತ್ರವೂ ಕುಗ್ಗಿತ್ತು. ಮುಂದಿನ ದಶಕಗಳಲ್ಲಿ ಅದೇ ಡಲ್ಲಾಸ್‌ನ ಬೆಂಜಮಿನ್ ಲೆವೀನ್ ಅವರ ತಂಡ ಇದರ ಜಾಡು ಹಿಡಿಯಿತು. ಆರು ವಾರ ಮಲಗಿದ ಆರೋಗ್ಯವಂತರ ಎಡ ಕೆಳಕೋಣೆಯ ಸ್ನಾಯುವಿನ ತೂಕ ಎಂಟು ಪ್ರತಿಶತದಷ್ಟು ಇಳಿದದ್ದನ್ನು ಎಂಆರ್‌ಐಯಲ್ಲಿ ಕಂಡರು. ಕೋಣೆ ಚಿಕ್ಕದಾಗುವುದರ ಜೊತೆಗೆ ಬಿರುಸೂ ಆಗುತ್ತದೆ, ಮೊದಲಿನಷ್ಟೇ ಒತ್ತಡಕ್ಕೆ ಮೊದಲಿನಷ್ಟು ಹಿಗ್ಗುವುದಿಲ್ಲ. ಹೀಗಾಗಿ ದೀರ್ಘಕಾಲ ಮಲಗಿದವರಲ್ಲಿ ಎರಡು ನಷ್ಟ ಒಂದರ ಮೇಲೊಂದು ಬೀಳುತ್ತವೆ. ನೀರಿನ ನಷ್ಟ ದಿನಗಳಲ್ಲಿ ಆಗುತ್ತದೆ, ದಿನಗಳಲ್ಲೇ ತುಂಬುತ್ತದೆ. ಸ್ನಾಯುವಿನ ನಷ್ಟ ವಾರಗಳಲ್ಲಿ ಆಗುತ್ತದೆ, ಅದನ್ನು ಒಂದು ಬಾಟಲಿ ಗ್ಲೂಕೋಸಿನಿಂದ ತುಂಬಲಾಗದು.

ಡಲ್ಲಾಸ್‌ನ ಆ ಐವರನ್ನು ಮೂವತ್ತು ವರ್ಷಗಳ ನಂತರ ಮತ್ತೆ ಕರೆಸಿ ಅಳೆದರು. ಐವತ್ತು ದಾಟಿದ್ದ ಅವರ ಮೈಗೆ ಬೊಜ್ಜೂ ಬಂದಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಅವರ ಸಾಮರ್ಥ್ಯವನ್ನು ಕಸಿದದ್ದಕ್ಕಿಂತ ಇಪ್ಪತ್ತರಲ್ಲಿ ಮೂರು ವಾರದ ಹಾಸಿಗೆ ಕಸಿದದ್ದೇ ಹೆಚ್ಚಾಗಿತ್ತು.

ಮಲಗಿದರೆ ಹೃದಯ ಹೆಚ್ಚು ತುಂಬುತ್ತದೆ ಎಂಬುದು ಸೋತ ಹೃದಯದವರಿಗೆ ಅಂದಂದಿನ ಕಷ್ಟ. ಬಂದದ್ದನ್ನು ಮುಂದೆ ಕಳಿಸಲಾಗದ ಹೃದಯಕ್ಕೆ ರಾತ್ರಿ ಕಾಲಿನಿಂದ ಅರ್ಧ ಲೀಟರ್ ಹೆಚ್ಚಿಗೆ ಬಂದರೆ ಅದು ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ. ‘ಮಲಗಿದರೆ ಉಸಿರು ಕಟ್ಟುತ್ತೆ, ಎದ್ದು ಕೂತರೆ ಹಗುರಾಗುತ್ತೆ’ ಎಂದು ಅಜ್ಜ ಹೇಳಿದರೆ, ಒಂದು ದಿಂಬಿನವರು ಮೂರು ದಿಂಬಿಗೆ ಹೋದರೆ, ಅದನ್ನು ವಯಸ್ಸಿನ ಕಾಟವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವೀನ್ ಮತ್ತು ಬರ್ನಾರ್ಡ್ ಲೌನ್ ಇದೇ ತರ್ಕದಿಂದ ಹೊರಟು ಹೃದಯಾಘಾತದ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದರು. ಕಾಲು ಇಳಿಬಿಟ್ಟು ಕೂತರೆ ಹೃದಯಕ್ಕೆ ಬರುವ ರಕ್ತ ಕಡಿಮೆಯಾಗಿ ಹೊರೆ ಇಳಿಯುತ್ತದೆ ಎಂಬುದು ಅವರ ವಾದ. ಹೃದಯಾಘಾತವಾದವರನ್ನು ವಾರಗಟ್ಟಲೆ ಮಿಸುಕಾಡದಂತೆ ಮಲಗಿಸುತ್ತಿದ್ದ ಕಾಲವದು. ಸಹೋದ್ಯೋಗಿಗಳು ಹೌಹಾರಿದರು. ಆದರೆ 1952ರಲ್ಲಿ ಪ್ರಕಟಿಸಿದ 81 ರೋಗಿಗಳ ವಿವರದಲ್ಲಿ ಕುರ್ಚಿಯಿಂದ ಕೇಡಾದದ್ದು ಕಾಣಲಿಲ್ಲ. ಇವತ್ತು ಹೃದಯಾಘಾತದ ರೋಗಿ ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ವಾರ್ಡಿನಲ್ಲಿ ನಡೆಯುತ್ತಾರೆ.

ನಮ್ಮ ಮನೆಗಳಲ್ಲಿ ಈ ವಿಷಯ ಎದುರಾಗುವುದು ಮುಖ್ಯವಾಗಿ ಎರಡು ಕಡೆ. ಒಂದು ಬಾಣಂತನ. ಎಣ್ಣೆ ನೀರು, ಬೆಚ್ಚಗೆ ಮಲಗಿಸುವುದು, ಕೆಲಸ ತಪ್ಪಿಸುವುದು ಎಲ್ಲ ಒಳ್ಳೆಯದೇ. ಆದರೆ ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನೂ ಅಳೆದು ಕೊಡುತ್ತಾರೆ, ಬಚ್ಚಲಿಗೆ ಬಿಟ್ಟು ಬೇರೆಲ್ಲಿಗೂ ಎದ್ದು ಹೋಗಗೊಡುವುದಿಲ್ಲ. ಹೆರಿಗೆಯ ಮುಂಚೆ ಮತ್ತು ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಅದರ ಜೊತೆ ನೀರೂ ಕಡಿಮೆಯಾಗಿ, ಮೀನಖಂಡದ ಸಿರೆಗಳಲ್ಲಿ ರಕ್ತ ನಿಂತರೆ ಅಲ್ಲೇ ಗಡ್ಡೆ ಕಟ್ಟಬಹುದು. ಸಿಸೇರಿಯನ್ ಆದ ಮರುದಿನವೇ ನಡೆಯಿರಿ ಎಂದು ಆಸ್ಪತ್ರೆಯವರು ಗದರುವುದು ಇದಕ್ಕೇ. ಎರಡೂ ಕಾಲು ಸಮನಾಗಿ ಊದಿದರೆ ಅಷ್ಟು ಗಾಬರಿಯಿಲ್ಲ. ಒಂದೇ ಕಾಲು ಊದಿ, ಬೆಚ್ಚಗಾಗಿ, ಮೀನಖಂಡ ಒತ್ತಿದರೆ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಇನ್ನೊಂದು, ಜ್ವರವೋ ಶಸ್ತ್ರಚಿಕಿತ್ಸೆಯೋ ಆಗಿ ವಾರಗಟ್ಟಲೆ ಮಲಗಿದ್ದ ಹಿರಿಯರು ಮೊದಲ ಸಲ ಏಳುವ ಹೊತ್ತು. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಮಲಗಿದ್ದಾಗಲೇ ಒಮ್ಮೆ ನೋಡಿ, ನಾಡಿಯನ್ನೂ ಬರೆದುಕೊಳ್ಳಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಲು ಹೇಳಿ. ಆಮೇಲೆ ಹಿಡಿದುಕೊಂಡು ನಿಲ್ಲಿಸಿ, ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಿ. ತಲೆ ಸುತ್ತಿದರೆ ಅಳತೆ ಪೂರ್ತಿಗೊಳಿಸುವ ಹಟ ಬೇಡ, ಕೂಡಲೇ ಮಲಗಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ತಿಳಿಸಬೇಕು. ಆಗ ನಾಡಿ ಎಷ್ಟಿತ್ತು ಎಂಬುದು ಬಿಪಿಯಷ್ಟೇ ಮುಖ್ಯ. ಬಿಪಿ ಇಳಿದು ನಾಡಿ ಚೆನ್ನಾಗಿ ಏರಿದ್ದರೆ ನರಗಳು ತಮ್ಮ ಕೆಲಸ ಮಾಡುತ್ತಿವೆ, ಕೊರತೆ ಬಹುಶಃ ನೀರಿನದು. ಬಿಪಿ ಇಳಿದರೂ ನಾಡಿ ಮಿಸುಕದಿದ್ದರೆ, ವರ್ಷಗಳ ಸಕ್ಕರೆ ಕಾಯಿಲೆಯಿಂದ ನರಗಳೇ ಸೋತಿರಬಹುದು, ಅಥವಾ ನಾಡಿಯನ್ನು ಹಿಡಿದಿಡುವ ಮಾತ್ರೆ ನಡೆಯುತ್ತಿರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟಿನ ಮಾತ್ರೆ, ಬಿಪಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇಳಿತ ಹೆಚ್ಚು. ಅವುಗಳ ಪಟ್ಟಿಯನ್ನೂ ಆ ಮೂರು ಸಲದ ಅಂಕಿಗಳನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.